ಶ್ರುತಿ ಸಿಗದ ಹುಡುಗನಿಗೆ ಶ್ರುತಿ ಸಿಕ್ಕ ಬಗೆ

ಚರ್ಚಿನ ಕ್ವಾಯರ್‌ನಲ್ಲಿ ಹದಿಮೂರರ ಆಸುಪಾಸಿನ ಹುಡುಗನೊಬ್ಬ ಹಿಂದಿನ ಸಾಲಿಗೆ ಸರಿದು ಬರೀ ತುಟಿ ಆಡಿಸುತ್ತಿದ್ದರೆ, ಅವನಿಗೆ ಶ್ರುತಿಜ್ಞಾನ ಇಲ್ಲವೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಹೆಚ್ಚಿನ ಸಲ ಅವನ ಕಿವಿ ಚೆನ್ನಾಗಿಯೇ ಇರುತ್ತದೆ. ನಾವು ಕೇಳುತ್ತಿರುವ ಸ್ವರ ಆ ಹೊತ್ತಿಗೆ ಅವನ ಗಂಟಲಲ್ಲಿ ಇರುವುದಿಲ್ಲ, ಅಷ್ಟೆ. ಇದು ಹೇಗೆಂದು ತಿಳಿಯಲು ಒಂದು ಪುಟ್ಟ ಕಥೆ ಕಟ್ಟಿಕೊಳ್ಳೋಣ.

ಕ್ರಿಸ್ಮಸ್ ಹಾಡುಗಳ ಅಭ್ಯಾಸ ನಡೆದಿದೆ. ಎಂಟನೇ ತರಗತಿಯ ನಾಚಿಕೆಯ ಹುಡುಗ ಹೋದ ವರ್ಷದ ಹಾಗೆ ಈ ಸಲವೂ ಹೆಣ್ಣುಮಕ್ಕಳು, ಚಿಕ್ಕ ಮಕ್ಕಳು ಹಾಡುವ ಮೇಲಿನ ಸಾಲಿನಲ್ಲಿ, ಅಂದರೆ ಸೊಪ್ರಾನೋದಲ್ಲಿ ನಿಂತಿದ್ದಾನೆ. ಹಾಡಿನ ಶ್ರುತಿ ನಾಲ್ಕು ಮನೆ. ಹೆಂಗಸರ ಧ್ವನಿಯ ಲೆಕ್ಕದಲ್ಲಿ ಅದರ ರಾಗ ಮಂದ್ರ ಪಂಚಮದಿಂದ ಮಧ್ಯಸ್ಥಾಯಿಯ ದೈವತದವರೆಗೆ ಓಡಾಡುತ್ತದೆ. ಹುಡುಗನ ದನಿ ಗಾಂಧಾರ ದಾಟುತ್ತಿದ್ದಂತೆ ಒಡೆಯುತ್ತದೆ. ಗಾಬರಿಯಾಗಿ ಅದೇ ರಾಗವನ್ನು ಒಂದು ಸ್ಥಾಯಿ ಕೆಳಗೆ ಹಿಡಿಯುತ್ತಾನೆ. ಆಗ ಮೇಲಿನ ಸ್ವರಗಳೆಲ್ಲ ಸುಲಭವಾಗುತ್ತವೆ, ಆದರೆ ರಾಗ ಪಂಚಮಕ್ಕೆ ಇಳಿದಾಗ ಅದು ಅವನ ತಳಕ್ಕಿಂತಲೂ ಕೆಳಗಾಗಿ ಬರೀ ಗಾಳಿ ಹೊರಡುತ್ತದೆ. ಮೇಲೆಯೂ ಇಲ್ಲ, ಕೆಳಗೂ ಇಲ್ಲ. ಪಕ್ಕದವರು ತಿರುಗಿ ನೋಡಿದ ಮೇಲೆ ಬಾಯಿ ಮುಚ್ಚಿಕೊಳ್ಳದೆ ಇನ್ನೇನು ಮಾಡಿಯಾನು?

ಈ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಒಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿದಿರುತ್ತದೆ. ಈ ಇಳಿತ ಹಂತಹಂತವಾಗಿ ಆಗುತ್ತದೆಂದೂ, ಹಂತಕ್ಕೊಂದು ಹರವು ಇರುತ್ತದೆಂದೂ ಅಮೆರಿಕದ ಸಂಗೀತ ಶಿಕ್ಷಕ ಜಾನ್ ಕುಕ್ಸಿ 1970ರ ದಶಕದಲ್ಲಿ ವಿವರಿಸಿದರು. ನಡುವಿನ ಹಂತಗಳಲ್ಲಿ ಮೇಲಿನ ಸ್ವರಗಳು ಹೋಗಿರುತ್ತವೆ, ಗಂಡಸರ ಕೆಳಗಿನ ಸ್ವರಗಳು ಇನ್ನೂ ಬಂದಿರುವುದಿಲ್ಲ. ನಮ್ಮ ಹುಡುಗ ಇರುವುದು ಅಲ್ಲಿಯೇ.

ಅಭ್ಯಾಸ ಮುಗಿದ ಮೇಲೆ ಕ್ವಾಯರ್ ಮಾಸ್ಟರ್ ಅವನನ್ನು ಒಬ್ಬನನ್ನೇ ಕೀಬೋರ್ಡಿನ ಹತ್ತಿರ ಕರೆಯುತ್ತಾರೆ.

"ನಂಗೆ ಬರಲ್ಲ ಸರ್."

"ಹಾಡೋದು ಬೇಡ ಮಗಾ. ನಿಂಗೆ ಹೆಂಗೆ ಬರುತ್ತೋ ಹಂಗೆ 'ಊ' ಅನ್ನು, ಸಾಕು."

ಹುಡುಗ ಅಳುಕುತ್ತಲೇ 'ಊ' ಎನ್ನುತ್ತಾನೆ. ಮಾಸ್ಟರ್ ಅದು ಯಾವ ಸ್ವರವೆಂದು ಕೀಲಿಯ ಮೇಲೆ ಹುಡುಕಿ, ತಾವೂ ಅದೇ ಎತ್ತರದಲ್ಲಿ ದನಿಗೂಡಿಸುತ್ತಾರೆ. ಗುಟ್ಟು ಇರುವುದು ಇಲ್ಲಿಯೇ. ಇಷ್ಟು ದಿನ ಹುಡುಗ ಬೇರೆಯವರ ಸ್ವರವನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ, ಈಗ ಸ್ವರವೇ ಅವನಿದ್ದಲ್ಲಿಗೆ ಬಂದಿದೆ. ಎರಡು ದನಿ ಸೇರಿದರೆ ಹೇಗೆ ಕೇಳಿಸುತ್ತದೆ ಎಂಬುದು ಅವನಿಗೆ ಮೊದಲ ಬಾರಿ ಗೊತ್ತಾಗುತ್ತದೆ. ಆಮೇಲೆ ಮಾಸ್ಟರ್ ತಮ್ಮ ದನಿಯನ್ನು ಬೇಕೆಂದೇ ಕೂದಲೆಳೆಯಷ್ಟು ಇಳಿಸುತ್ತಾರೆ. ಕೂಡಲೇ ನಾದ ಅಲುಗತೊಡಗುತ್ತದೆ. ಒಂದು ದನಿ ಸೆಕೆಂಡಿಗೆ 220 ಸಲ, ಇನ್ನೊಂದು 216 ಸಲ ಕಂಪಿಸಿದರೆ, ಕೂಡಿದ ನಾದ ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ಇಳಿಯುತ್ತದೆ. ಶ್ರುತಿ ಸೇರುತ್ತಾ ಬಂದಂತೆ ಈ ಅಲುಗಾಟ ನಿಧಾನವಾಗಿ, ಕೊನೆಗೆ ನಿಂತೇಬಿಡುತ್ತದೆ. "ಈಗ ಸೇರ್ತು ಸರ್" ಎಂದು ಹುಡುಗನೇ ಹೇಳುತ್ತಾನೆ. ಅವನ ಕಿವಿ ಸರಿಯಿದೆ ಎನ್ನಲು ಬೇರೆ ಪುರಾವೆ ಬೇಕಿಲ್ಲ.

ಇನ್ನು ಉಳಿದದ್ದು ಅಳತೆ. ಆ ಸ್ವರದಿಂದ ಒಂದೊಂದೇ ಮೆಟ್ಟಿಲು ಕೆಳಗಿಳಿದು, ಆಮೇಲೆ ಮೇಲೆ ಹತ್ತಿ ನೋಡಿದಾಗ ಅವನ ಹರವು ಮಂದ್ರ ಷಡ್ಜದಿಂದ ಮಧ್ಯ ಗಾಂಧಾರದವರೆಗೆ ಎಂದು ಗೊತ್ತಾಗುತ್ತದೆ. ತುದಿಯ ಸ್ವರಗಳು ಒಮ್ಮೆ ಬಂದ ಮಾತ್ರಕ್ಕೆ ಅಲ್ಲೇ ಹಾಡಿಸಬಾರದು. ಗಲ್ಲ ಮೇಲೆತ್ತುವುದು, ಕತ್ತಿನ ನರ ಉಬ್ಬುವುದು, ದನಿ ಗಾಳಿಗಾಳಿಯಾಗುವುದು ಕಂಡರೆ ಆ ಸ್ವರವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಈ ಹಾಡಿನಲ್ಲಿ ಟೆನರ್ ಸಾಲು ಮಂದ್ರ ಗಾಂಧಾರದಿಂದ ಮಧ್ಯ ಷಡ್ಜದವರೆಗೆ ಮಾತ್ರ ಓಡಾಡುತ್ತದೆ, ಅವನ ಹರವಿನ ನಟ್ಟನಡುವೆ. ಮುಂದಿನ ಅಭ್ಯಾಸದಲ್ಲಿ ಮಾಸ್ಟರ್ ಅವನನ್ನು ಟೆನರ್ ಸಾಲಿಗೆ ಕಳಿಸಿ, ಗಟ್ಟಿಯಾಗಿ ಹಾಡುವವರ ಪಕ್ಕ ಬಿಟ್ಟು, ಶ್ರುತಿ ಬಿಡದೆ ಮೆಲ್ಲಗೆ ಹಾಡುವ ಒಬ್ಬರ ಪಕ್ಕ ನಿಲ್ಲಿಸುತ್ತಾರೆ. ಸುತ್ತ ಗದ್ದಲವಿದ್ದರೆ ಅವನಿಗೆ ತನ್ನ ದನಿಯೇ ಕೇಳಿಸದು, ಕೇಳಿಸದಿದ್ದರೆ ತಿದ್ದಿಕೊಳ್ಳಲೂ ಆಗದು. ಎರಡನೇ ಚರಣದ ಹೊತ್ತಿಗೆ ಹುಡುಗನ ದನಿ ಸಾಲಿನಲ್ಲಿ ಸೇರಿಕೊಂಡಿರುತ್ತದೆ.

ಎಲ್ಲರಿಗೂ ಇಷ್ಟು ಬೇಗ ಶ್ರುತಿ ಸಿಗುವುದಿಲ್ಲ. ಸ್ವರದ ಏರಿಳಿತವನ್ನೇ ಗುರುತಿಸಲಾಗದವರೂ ಕೆಲವರಿದ್ದಾರೆ, ಆದರೆ ಅಂಥವರು ತೀರಾ ವಿರಳ. ಯಾರ ಗಂಟಲನ್ನೂ ಅಳೆದು ನೋಡದೆ ಆ ಪಟ್ಟಿಗೆ ಸೇರಿಸುವುದು ಅನ್ಯಾಯ. ಒಮ್ಮೆ ಅಳೆದರೆ ಮುಗಿಯಿತೆಂದೂ ಅಲ್ಲ. ಬೆಳೆಯುವ ಹುಡುಗನ ಹರವು ಕೆಲವೇ ತಿಂಗಳಲ್ಲಿ ಮತ್ತೆ ಬದಲಾಗುತ್ತದೆ. ಕ್ರಿಸ್ಮಸ್‌ಗೆ ಟೆನರ್ ಹಾಡಿದವನು ಈಸ್ಟರ್ ಹೊತ್ತಿಗೆ ಮೇಲಿನ ಸ್ವರಗಳಲ್ಲಿ ತಡವರಿಸತೊಡಗಿದರೆ ಅವನನ್ನು ಬೈಯಬೇಕಾಗಿಲ್ಲ. ಮತ್ತೊಮ್ಮೆ ಕೀಬೋರ್ಡಿನ ಹತ್ತಿರ ಕರೆದು 'ಊ' ಅನ್ನಿಸಿ, ಹೊಸ ಹರವಿಗೆ ಒಪ್ಪುವ ಸಾಲಿನಲ್ಲಿ ನಿಲ್ಲಿಸಿದರಾಯಿತು.