ಡಾಕ್ಟರು ಇಲ್ಲದ ದಿನ

‘ಇಂದು ಡಾಕ್ಟರು ಇರುವುದಿಲ್ಲ’ ಎಂದು ಕ್ಲಿನಿಕ್ಕಿನ ಬಾಗಿಲಿಗೆ ಅಂಟಿಸುವ ಸೂಚನೆಯಲ್ಲಿ ನಾಲ್ಕು ವಿವರ ಇರಬೇಕು: ಇಂದಿನ ತಾರೀಖು, ಬದಲಿ ದಿನ ಮತ್ತು ಹೊತ್ತು, ವಿಚಾರಿಸಲು ಫೋನ್ ನಂಬರು, ತುರ್ತಿದ್ದರೆ ಹೋಗಬೇಕಾದ ಆಸ್ಪತ್ರೆ. ತಾರೀಖು ಹಾಕದೆ ‘ನಾಳೆ ಬನ್ನಿ’ ಎಂದು ಬರೆದರೆ, ಮರುದಿನ ಓದಿದವರೂ ಹಿಂದಿರುಗುತ್ತಾರೆ.

ಬಾಗಿಲ ಚೀಟಿ ಬಂದವರಿಗೆ ಮಾತ್ರ ಕಾಣುತ್ತದೆ. ಆದ್ದರಿಂದ ಸಿಬ್ಬಂದಿ ಅಂದಿನ ಪಟ್ಟಿ ಹಿಡಿದು, ಕಾಯಲಾಗದವರಿಗೆ ಮೊದಲು ಫೋನ್ ಮಾಡಬೇಕು. ಬಿ.ಪಿ. ಹತೋಟಿಯಲ್ಲಿದ್ದು ಮಾಮೂಲಿ ತಪಾಸಣೆಗೆ ಬರುವವರು ಕೆಲವು ದಿನ ಕಾಯಬಹುದು. ಆದರೆ ಅವರ ಮಾತ್ರೆ ಮುಗಿಯುತ್ತಿದೆಯೇ ಎಂದು ಕೇಳಲೇಬೇಕು. ಮುಗಿಯುತ್ತಿದ್ದರೆ ಬೇರೆ ವೈದ್ಯರಿಂದ ಬರೆಸಿಕೊಳ್ಳಲು ಹೇಳಬೇಕು, ಏಕೆಂದರೆ ಮಾತ್ರೆ ನಿಂತರೆ ಒತ್ತಡ ಮತ್ತೆ ಏರುತ್ತದೆ.

ನಾಯಿ ಕಚ್ಚಿದವರ ವಿಷಯ ಬೇರೆ. ಸ್ನಾಯುವಿಗೆ ಕೊಡುವ ರೇಬೀಸ್ ಲಸಿಕೆಯನ್ನು ಮೊದಲ ಚುಚ್ಚುಮದ್ದಿನ ಬಳಿಕ 3, 7, 14 ಮತ್ತು 28ನೇ ದಿನ ಹಾಕುತ್ತಾರೆ. ಸೋಮವಾರ ಆರಂಭಿಸಿದವರಿಗೆ ಎರಡನೆಯದು ಗುರುವಾರ. ಅಂದು ಕ್ಲಿನಿಕ್ ಮುಚ್ಚಿದ್ದರೆ ಮುಂದಿನ ವಾರಕ್ಕೆ ತಳ್ಳದೆ, ಲಸಿಕೆಯ ಚೀಟಿಯೊಂದಿಗೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕಳುಹಿಸಬೇಕು. ಎದೆನೋವು, ಉಸಿರಾಟದ ತೊಂದರೆ ಹೇಳಿದವರಿಗೆ ಬದಲಿ ದಿನ ಕೊಡುವಂತೆಯೇ ಇಲ್ಲ; ಅವರು 108ಕ್ಕೆ ಕರೆ ಮಾಡಬೇಕು.