ರಿವರ್ಸ್ ಗೇರಿಗೂ ಮುಂಚಿನ ಹನ್ನೆರಡು ಗಂಟೆ

ಲಾರಿ ಅಪಘಾತ ಎಂದರೆ ನಮಗೆ ಹೆದ್ದಾರಿಯೇ ಕಣ್ಣ ಮುಂದೆ ಬರುತ್ತದೆ. ಆದರೆ ಮಾಲು ಸಾಗಿಸುವ ಕಂಪನಿಗಳಲ್ಲಿ ಎಷ್ಟೋ ಜೀವಗಳು ಹೋಗುವುದು ಗಾಡಿ ನಡಿಗೆಯ ವೇಗದಲ್ಲಿದ್ದಾಗ, ಗೋದಾಮಿನ ಅಂಗಳದಲ್ಲೋ ಅಂಗಡಿಯ ಹಿಂದಿನ ಓಣಿಯಲ್ಲೋ. ಕೆಲಸದ ಸ್ಥಳದಲ್ಲಿ ವಾಹನದಿಂದಾಗುವ ಸಾವುಗಳಲ್ಲಿ ಕಾಲು ಭಾಗದಷ್ಟು ಹಿಂದಕ್ಕೆ ಚಲಿಸುವ ಗಾಡಿಗಳಿಂದಲೇ ಆಗುತ್ತವೆ ಎಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಹೇಳುತ್ತದೆ. ಇಂಥ ಘಟನೆ ನಡೆದಾಗ ಎಲ್ಲರೂ ಬೈಯುವುದು ಚಾಲಕನನ್ನೇ. ಆ ಟ್ರಿಪ್‌ನ ವೇಳಾಪಟ್ಟಿ ಬರೆದವರನ್ನು ಯಾರೂ ಕೇಳುವುದಿಲ್ಲ. ತಪ್ಪಿನ ದೊಡ್ಡ ಪಾಲು ಆ ವೇಳಾಪಟ್ಟಿಯಲ್ಲೇ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಟ್ರಿಪ್ಪನ್ನು ಉದಾಹರಣೆಗೆ ಇಟ್ಟುಕೊಂಡು ಲೆಕ್ಕ ಹಾಕೋಣ. ನೆಲಮಂಗಲದ ಗೋದಾಮಿನಿಂದ ಹುಬ್ಬಳ್ಳಿಗೆ ಸುಮಾರು 380 ಕಿಲೋಮೀಟರ್. ಮುಚ್ಚಿದ ಬಾಡಿಯ, 17 ಅಡಿಯ ಕಂಟೇನರ್ ಗಾಡಿ. ಟ್ರಿಪ್ ಶೀಟ್‌ನಲ್ಲಿ ‘ರಾತ್ರಿ 9ಕ್ಕೆ ಹೊರಟು ಬೆಳಿಗ್ಗೆ ಆರೂವರೆಗೆ ಡೆಲಿವರಿ’ ಎಂದಿದೆ. ಲೋಡಾದ ಗಾಡಿ ನಾಲ್ಕು ಪಥದ ರಸ್ತೆಯಲ್ಲಿ ಓಡಿದರೂ ಟೋಲ್, ಊರು, ಸರ್ವೀಸ್ ರಸ್ತೆ ಎಲ್ಲ ಸೇರಿ ಸರಾಸರಿ ಗಂಟೆಗೆ 45 ಕಿಲೋಮೀಟರಿನ ಆಚೀಚೆ ಬೀಳುತ್ತದೆ. ಅಂದರೆ ಓಡಿಸುವುದೇ ಎಂಟೂವರೆ ಗಂಟೆ. ಚಹಾ, ಊಟಕ್ಕೆ ಒಂದು ಗಂಟೆ ಸೇರಿಸಿದರೆ ಆರೂವರೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ.

ಆದರೆ ಚಾಲಕ ಗೋದಾಮಿಗೆ ಬಂದದ್ದು ಸಂಜೆ 6ಕ್ಕೆ. ಲೋಡಿಂಗ್ ಮುಗಿಯುವವರೆಗೂ ಗಾಡಿಯ ಪಕ್ಕದಲ್ಲೇ ನಿಂತು ಪೆಟ್ಟಿಗೆ ಎಣಿಸಿದ್ದಾನೆ, ಹಮಾಲರೊಂದಿಗೆ ಕೈಜೋಡಿಸಿದ್ದಾನೆ. ಆ ದಿನ ಅವನು ಎದ್ದದ್ದು ಬೆಳಿಗ್ಗೆ 7ಕ್ಕೆ. ಮನೆಯಲ್ಲಿ ಮಕ್ಕಳು, ಬಿಸಿಲು, ಓಣಿಯ ಗದ್ದಲ. ಹಗಲು ನಿದ್ದೆ ಬಂದಿಲ್ಲ. ಈ ಮೂರು ಸಂಗತಿಗಳಿಗೂ ಟ್ರಿಪ್ ಶೀಟ್‌ನಲ್ಲಿ ಜಾಗವಿಲ್ಲ.

ಗಾಡಿ ಹಿರಿಯೂರು ತಲುಪುವಾಗ ನಡುರಾತ್ರಿ 12. ಅವನು ಎಚ್ಚರವಾಗಿ 17 ಗಂಟೆ ಆಯಿತು. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, 17 ಗಂಟೆ ನಿದ್ದೆಗೆಟ್ಟವನ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿರುವ ಮಿತಿ 30 ಮಿಲಿಗ್ರಾಂ. ಒಂದು ಹನಿ ಕುಡಿಯದ ಮನುಷ್ಯ ಹಿರಿಯೂರಿನಲ್ಲೇ ಆ ಗೆರೆ ದಾಟಿದಂತಾಯಿತು. ಇನ್ನೂ ಅರ್ಧಕ್ಕಿಂತ ಹೆಚ್ಚು ದಾರಿ ಉಳಿದಿದೆ.

ದಾವಣಗೆರೆ ದಾಟುವಾಗ ಮೂರು ಗಂಟೆ. ರಾತ್ರಿ 2ರಿಂದ ಬೆಳಗಿನ 6ರವರೆಗೆ ದೇಹದ ಗಡಿಯಾರ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ಎಂಥ ಅನುಭವಿಯೂ ಅದನ್ನು ಮನೋಬಲದಿಂದ ಗೆಲ್ಲಲಾರ. ಆಗ ಬರುವ ತೂಕಡಿಕೆ ಕೆಲವೇ ಸೆಕೆಂಡಿನದು, ಎಷ್ಟೋ ಸಲ ಕಣ್ಣು ತೆರೆದೇ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಎಂದರೆ 66 ಮೀಟರ್ ದೂರ ಗಾಡಿಗೆ ಚಾಲಕನೇ ಇಲ್ಲ. ಹಿಂದಿನ ಎರಡು ಕಿಲೋಮೀಟರ್ ಹೇಗೆ ಬಂದೆ ಎಂಬುದು ನೆನಪಿಲ್ಲದಿರುವುದು, ಗಾಡಿ ಮೆಲ್ಲಗೆ ಎಡಕ್ಕೆ ಜಾರಿ ತಟ್ಟನೆ ಸರಿಪಡಿಸಿಕೊಳ್ಳುವುದು, ಹಿಂದಿನ ಗಾಡಿ ಹಾರ್ನ್ ಹೊಡೆದ ಮೇಲಷ್ಟೇ ಟೋಲ್ ಸಾಲು ಮುಂದೆ ಸರಿದದ್ದು ಗೊತ್ತಾಗುವುದು, ಇವೆಲ್ಲ ಅದರ ಗುರುತುಗಳು. ಚಹಾ ಕುಡಿದರೆ, ಮುಖ ತೊಳೆದರೆ ಸ್ವಲ್ಪ ಹೊತ್ತು ತಡೆಯಬಹುದು. ನಿದ್ದೆಯ ಸಾಲ ತೀರುವುದು ನಿದ್ದೆಯಿಂದ ಮಾತ್ರ.

ನಮ್ಮ ಚಾಲಕ ಪುಣ್ಯಕ್ಕೆ ಹುಬ್ಬಳ್ಳಿ ಮುಟ್ಟುತ್ತಾನೆ. ಅಲ್ಲಿ ಅತ್ಯಂತ ಸೂಕ್ಷ್ಮವಾದ ಕೆಲಸ ಅವನಿಗಾಗಿ ಕಾದಿದೆ. ಎಚ್ಚರವಾಗಿ ಹೆಚ್ಚುಕಡಿಮೆ 24 ಗಂಟೆ ಆದವನು, ಬೆಳಗಿನ ಓರೆ ಬಿಸಿಲಿನಲ್ಲಿ, ಕಿರಿದಾದ ಓಣಿಯೊಳಗೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಬೇಕು. ಹಾಲಿನವರು, ಶಾಲೆಯ ಮಕ್ಕಳು, ಅಂಗಡಿ ಮುಂದೆ ಗುಡಿಸುವವರು ಓಡಾಡುವ ಹೊತ್ತದು.

ಮುಚ್ಚಿದ ಬಾಡಿಯ ಗಾಡಿಗೆ ಒಳಗಿನ ಕನ್ನಡಿ ಪ್ರಯೋಜನಕ್ಕೆ ಬಾರದು. ಹೊರಗಿನ ಎರಡು ಕನ್ನಡಿಗಳು ಬಾಡಿಯ ಪಕ್ಕವನ್ನು ತೋರಿಸುತ್ತವೆ. ಬಾಡಿಯ ಅಗಲಕ್ಕೆ ಸರಿಯಾಗಿ ಹಿಂದೆ ಇರುವ ಪಟ್ಟಿ ಪೂರ್ತಿ ಕುರುಡು. ಗಂಟೆಗೆ ಐದೇ ಕಿಲೋಮೀಟರ್ ವೇಗದಲ್ಲೂ ಗಾಡಿ ಸೆಕೆಂಡಿಗೆ ಸುಮಾರು 1.4 ಮೀಟರ್ ಹಿಂದೆ ಬರುತ್ತದೆ. ಕೂಗು ಕಿವಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ ಎರಡು ಮೀಟರ್ ಮುಗಿದುಹೋಗಿರುತ್ತದೆ. ನಿದ್ದೆಗೆಟ್ಟವನಿಗೆ ಆ ಒಂದೂವರೆ ಸೆಕೆಂಡ್ ಇನ್ನಷ್ಟು ಹಿಗ್ಗುತ್ತದೆ.

ಇಲ್ಲಿ ಕ್ಲೀನರ್ ಇಳಿಯುತ್ತಾನೆ. ಗಾಡಿಯ ಹಿಂದೆ ನಿಂತು ಬಾಡಿ ತಟ್ಟುತ್ತಾ ‘ಬರ್ಲಿ, ಬರ್ಲಿ... ಲೆಫ್ಟ್ ಕಟ್ ಮಾಡಿ... ಬರ್ಲಿ’ ಎನ್ನುತ್ತಾನೆ. ನಾವೆಲ್ಲ ದಿನಾ ನೋಡುವ ಈ ದೃಶ್ಯವೇ ಅಪಾಯದ ಕೇಂದ್ರ. ಅವನು ನಿಂತಿರುವುದು ಆ ಕುರುಡು ಪಟ್ಟಿಯೊಳಗೆ. ಹಿಂದೆ ಗೋಡೆಯೋ ಗೋದಾಮಿನ ಕಟ್ಟೆಯೋ ಇದ್ದರೆ ತಪ್ಪಿಸಿಕೊಳ್ಳಲು ಅವನಿಗೆ ದಾರಿಯಿಲ್ಲ. ಗಾಡಿಯನ್ನು ಕಾಯಲು ಇಳಿದವನೇ ಗಾಡಿಗೂ ಕಟ್ಟೆಗೂ ನಡುವೆ ಸಿಕ್ಕಿಕೊಳ್ಳುವುದು ಹೀಗೆ.

ದಾರಿ ತೋರಿಸುವವನು ಇರಬೇಕಾದ ಜಾಗ ಬೇರೆ. ಚಾಲಕನ ಬದಿಯಲ್ಲಿ, ಗಾಡಿಯ ಸಾಲಿನಿಂದ ಹೊರಗೆ, ಬಲಗನ್ನಡಿಯಲ್ಲಿ ಪೂರ್ತಿ ಕಾಣುವಂತೆ ಅವನು ನಿಲ್ಲಬೇಕು. ಅಲ್ಲಿಂದ ಗಾಡಿಯ ಹಿಂಭಾಗವೂ ಚಾಲಕನ ಮುಖವೂ ಎರಡೂ ಅವನಿಗೆ ಕಾಣಬೇಕು. ಕೂಗಿಗಿಂತ ಕೈಸನ್ನೆ ಮುಖ್ಯ, ಏಕೆಂದರೆ ಇಂಜಿನ್ ಸದ್ದಿನಲ್ಲಿ ‘ಬರ್ಲಿ’ ಯಾವುದು ‘ಹೋಲ್ಡಾನ್’ ಯಾವುದು ಎಂದು ಕೇಳಿಸದು. ಸನ್ನೆ ಮಾಡುವವನು ಒಬ್ಬನೇ ಇರಬೇಕು. ಅಂಗಡಿಯವರು, ಹಮಾಲರು ಎಲ್ಲರೂ ಸೇರಿ ಕೈ ಬೀಸಿದರೆ ಯಾರನ್ನು ನಂಬುವುದು? ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಅವನು ಕನ್ನಡಿಯಿಂದ ಮರೆಯಾದ ತಕ್ಷಣ ಚಾಲಕ ಗಾಡಿ ನಿಲ್ಲಿಸಬೇಕು, ಮತ್ತೆ ಕಾಣುವವರೆಗೆ ಒಂದಂಗುಲವೂ ಸರಿಯಬಾರದು.

ಹಿಂಬದಿಯ ಕ್ಯಾಮೆರಾ ಹಾಕಿಸಿದ್ದೇವಲ್ಲ ಎನ್ನುವ ಮಾಲೀಕರಿದ್ದಾರೆ. ಕ್ಯಾಮೆರಾ ಒಳ್ಳೆಯದೇ, ಹಾಕಿಸಲೇಬೇಕು. ಆದರೆ ಮಳೆಗಾಲದಲ್ಲಿ 380 ಕಿಲೋಮೀಟರ್ ಓಡಿಬಂದ ಗಾಡಿಯ ಕ್ಯಾಮೆರಾ ಗಾಜಿನ ಮೇಲೆ ಕೆಸರಿನ ಪದರ ಕೂತಿರುತ್ತದೆ. ಎದುರು ಬಿಸಿಲು ಬಿದ್ದರೆ ಪರದೆ ಬೆಳ್ಳಗಾಗುತ್ತದೆ. ರಿವರ್ಸ್ ಬಜರ್‌ನ ಕಥೆ ಇನ್ನೊಂದು. ಹತ್ತು ಗಾಡಿ ಒಟ್ಟಿಗೆ ಕೂಗುವ ಅಂಗಳದಲ್ಲಿ ಅದು ಯಾರ ಕಿವಿಗೂ ತಾಗುವುದಿಲ್ಲ.

ಹಾಗಾಗಿ ಹಿಂದಕ್ಕೆ ಹೋಗುವ ಸಂದರ್ಭವನ್ನೇ ಇಲ್ಲವಾಗಿಸುವುದು ಮೊದಲ ಉಪಾಯ. ಗೋದಾಮಿಗೆ ಒಂದು ಗೇಟಿನಿಂದ ಒಳಬಂದು ಇನ್ನೊಂದರಿಂದ ಹೊರಹೋಗುವ ಏಕಮುಖ ದಾರಿ ಮಾಡಿದರೆ ಅಂಗಳದ ಅರ್ಧ ರಿವರ್ಸ್ ಅಲ್ಲೇ ನಿಂತುಹೋಗುತ್ತದೆ. ಮಾಲು ಇಳಿಸುವ ಜಾಗದಲ್ಲಿ ಅದು ಸಾಧ್ಯವಿಲ್ಲದಿದ್ದರೆ, ಓಣಿಯನ್ನು ಯಾವ ದಿಕ್ಕಿನಿಂದ ಮುಟ್ಟಬೇಕೆಂದು ಟ್ರಿಪ್ ಶೀಟ್‌ನಲ್ಲೇ ಬರೆಯಬೇಕು. ನಮ್ಮ ಗಾಡಿಗಳಲ್ಲಿ ಚಾಲಕ ಕೂರುವುದು ಬಲಕ್ಕೆ. ಓಣಿಯ ಬಾಯಿ ಅವನ ಬಲಗಡೆ ಬರುವಂತೆ ಗಾಡಿ ತಂದರೆ, ಹಿಂಭಾಗ ತಿರುಗುವುದನ್ನು ತನ್ನ ಕಿಟಕಿಯಿಂದಲೇ ತಲೆ ಹಾಕಿ ನೋಡಬಹುದು. ಎಡಕ್ಕೆ ತಿರುಗಿಸಬೇಕಾದರೆ ಒಳಮೂಲೆ ಅವನ ಕಣ್ಣಿಂದ ಮರೆ. ಒಂದು ಕಿಲೋಮೀಟರ್ ಸುತ್ತು ಬಳಸಿದರೆ ಸಿಗುವ ಈ ಅನುಕೂಲವನ್ನು ನಿರ್ಧರಿಸಬೇಕಾದವರು ಹಿಂದಿನ ದಿನ ಕುಳಿತು ಮಾರ್ಗ ಬರೆಯುವವರು. ಬೆಳಿಗ್ಗೆ ಆರೂವರೆಗೆ ದಣಿದು ಬಂದವನಿಂದ ಆ ಯೋಚನೆ ನಿರೀಕ್ಷಿಸಬಾರದು.

ಕಾನೂನು ಏನು ಹೇಳುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿತು. ದೂರದ ಮಾರ್ಗಗಳಿಗೆ ಅನುಮತಿ ಪಡೆದರೆ ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ಕೆಲಸವಾದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಸತತ ಒಂಬತ್ತು ಗಂಟೆ ವಿಶ್ರಾಂತಿ. ಬಾಡಿಗೆಗೆ ಓಡಿಸುವವರಷ್ಟೇ ಅಲ್ಲದೆ ಸ್ವಂತ ಮಾಲು ಸಾಗಿಸುವವರೂ ಇದರೊಳಗೆ ಬರುತ್ತಿದ್ದರು. ಈ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಸಲಾಗಿದೆ. ದಿನಕ್ಕೆ 8 ಗಂಟೆ ಎಂಬ ಬುನಾದಿ ಅಲ್ಲೂ ಉಳಿದಿದೆ. ಮುಖ್ಯವಾದ ಮಾತೆಂದರೆ, ಕೆಲಸದ ಗಂಟೆ ಎಂದರೆ ಸ್ಟಿಯರಿಂಗ್ ಹಿಡಿದ ಹೊತ್ತು ಮಾತ್ರವಲ್ಲ. ಲೋಡಿಂಗ್‌ನಲ್ಲಿ ಕಳೆದ ಮೂರು ಗಂಟೆಯೂ ಕೆಲಸವೇ. ಹಾಗೆ ಎಣಿಸಿದರೆ ನಮ್ಮ ಚಾಲಕನದು ಊಟ, ಚಹಾ ಬಿಟ್ಟು ಹನ್ನೊಂದೂವರೆ ಗಂಟೆ. ಮಾಲು ಇಳಿಸುವುದು ಇನ್ನೂ ಬಾಕಿ.

ಇದೇ ಮಾಲನ್ನು ಬೇರೆ ರೀತಿಯಲ್ಲಿ ಕಳಿಸಬಹುದಿತ್ತು. ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಬರುವ ಗಾಡಿಯೂ ಕಂಪನಿಯದೇ ಆಗಿದ್ದರೆ, ಚಿತ್ರದುರ್ಗ–ದಾವಣಗೆರೆ ನಡುವೆ ಅರ್ಧ ದಾರಿಯಲ್ಲಿ ಇಬ್ಬರು ಚಾಲಕರೂ ಗಾಡಿ ಬದಲಾಯಿಸಿಕೊಳ್ಳಬಹುದು. ಹೋಗಿಬರುವುದು ಸೇರಿ ಒಬ್ಬೊಬ್ಬರಿಗೂ ಎಂಟೂವರೆ ಗಂಟೆ ಓಡಾಟ. ಎಂಟು ಗಂಟೆಗಿಂತ ಅರ್ಧ ಗಂಟೆ ಹೆಚ್ಚಾಗುವುದರಿಂದ ಅನುಮತಿ ಬೇಕು, ಲೋಡಿಂಗ್ ಕೆಲಸವನ್ನು ಗೋದಾಮಿನವರೇ ಮಾಡಬೇಕು. ಆದರೆ ಮಧ್ಯಾಹ್ನ ಹೊರಟವರು ಆ ರಾತ್ರಿಯೇ ತಮ್ಮ ಮನೆಯಲ್ಲಿ ಮಲಗುತ್ತಾರೆ. ಎರಡು ಮೂರು ಗಾಡಿ ಇಟ್ಟುಕೊಂಡವರಿಗೆ ಇದು ಹೊಂದುವುದಿಲ್ಲ. ಅವರು ಲೋಡನ್ನು ಸಂಜೆಯೇ ಮುಗಿಸಿ, ಚಾಲಕನನ್ನು ಮನೆಗೆ ಕಳಿಸಿ, ಬೆಳಿಗ್ಗೆ 5ಕ್ಕೆ ಗಾಡಿ ಬಿಡಬೇಕು. ಮಧ್ಯಾಹ್ನ ಎರಡೂವರೆಗೆ ಹುಬ್ಬಳ್ಳಿ ತಲುಪಿ, ಹಗಲು ಬೆಳಕಿನಲ್ಲಿ ಮಾಲು ಇಳಿಸಿ, ರಾತ್ರಿ ಅಲ್ಲೇ ಮಲಗಿ ಮರುದಿನ ಹೊರಡಬೇಕು. ಅದಕ್ಕೆ ಮಲಗುವ ಕೋಣೆಯ ಖರ್ಚು ಕಂಪನಿ ಕೊಡಬೇಕು, ಮಾಲು ತರಿಸಿದವರು ಅರ್ಧ ದಿನ ತಾಳ್ಮೆ ತಂದುಕೊಳ್ಳಬೇಕು. ಟ್ರಿಪ್ ಲೆಕ್ಕದಲ್ಲಿ ಬಾಟಾ ಕೊಡುವ ಪದ್ಧತಿಯೂ ಬದಲಾಗಬೇಕು. ಎಷ್ಟು ಟ್ರಿಪ್‌ಗೆ ಅಷ್ಟು ದುಡ್ಡು ಎಂದಿರುವವರೆಗೆ ನಿದ್ದೆ ಮಾಡುವ ಚಾಲಕ ತನ್ನ ಮಕ್ಕಳ ಫೀಸನ್ನೇ ಕಳೆದುಕೊಳ್ಳುತ್ತಾನೆ.

ನಿಮ್ಮ ಗಾಡಿಗಳ ಪರಿಸ್ಥಿತಿ ತಿಳಿಯಲು ದುಬಾರಿ ಯಂತ್ರವೇನೂ ಬೇಡ. ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ ಟೋಲ್‌ಗಳನ್ನು ಗಾಡಿ ದಾಟಿದ ಹೊತ್ತು ಫಾಸ್ಟ್ಯಾಗ್ ಸಂದೇಶವಾಗಿ ಮಾಲೀಕರ ಫೋನಿಗೇ ಬಂದಿರುತ್ತದೆ. ಒಂದು ತಿಂಗಳ ಸಂದೇಶಗಳನ್ನು ಚಾಲಕನ ಹೆಸರಿನ ಎದುರು ಸಾಲಾಗಿ ಬರೆದರೆ, ಯಾರು ಎಷ್ಟು ರಾತ್ರಿ 2ರಿಂದ 6ರ ನಡುವೆ ರಸ್ತೆಯಲ್ಲಿದ್ದರು, ಯಾರಿಗೆ ಒಂಬತ್ತು ಗಂಟೆಯ ಬಿಡುವು ಸಿಗಲಿಲ್ಲ ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಆಮೇಲೆ ಅಂಗಳಕ್ಕೆ ಇಳಿದು ಗಾಡಿಗಳ ಹಿಂದಿನ ಎಡಮೂಲೆ ನೋಡಿ. ಒಡೆದ ದೀಪ, ನಜ್ಜಾದ ತಗಡು, ಕಟ್ಟೆಯ ಮೇಲೆ ಒಂದೇ ಎತ್ತರದಲ್ಲಿ ಹತ್ತಿದ ಬಣ್ಣ, ಇವೆಲ್ಲ ಯಾರೂ ವರದಿ ಮಾಡದ ಅಪಘಾತಗಳು. ಆ ತಗಡಿನ ಜಾಗದಲ್ಲಿ ನಾಳೆ ಕ್ಲೀನರ್ ನಿಂತಿರಬಹುದು. ಮಾಲೀಕರೇ, ಟ್ರಾನ್ಸ್‌ಪೋರ್ಟ್ ಮ್ಯಾನೇಜರ್‌ಗಳೇ, ಈ ವಾರದ ಟ್ರಿಪ್ ಶೀಟ್‌ಗೆ ಎರಡೇ ಅಂಕಣ ಸೇರಿಸಿ: ಚಾಲಕ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದ, ಮಾಲು ಇಳಿಸುವಲ್ಲಿ ಗಾಡಿಗೆ ದಾರಿ ತೋರಿಸುವವರು ಯಾರು. ಎರಡರಲ್ಲಿ ಒಂದು ಖಾಲಿ ಇದ್ದರೂ ಆ ಗಾಡಿಯನ್ನು ಗೇಟಿನಿಂದ ಹೊರಗೆ ಬಿಡಬೇಡಿ.