ಕಿವಿ ಮಂದವಾದ ಗುಮಾಸ್ತರ ಮನವಿಪತ್ರ

ಕಿವಿ ಮಂದವಾದವರಿಗೆ ಸದ್ದೇ ಕೇಳಿಸುವುದಿಲ್ಲವೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅವರಲ್ಲಿ ಅನೇಕರಿಗೆ ಮಾತು ಕೇಳಿಸುತ್ತದೆ. ಏನು ಹೇಳಿದರೆಂಬುದು ಮಾತ್ರ ತಿಳಿಯುವುದಿಲ್ಲ. ಮಾತಿನಲ್ಲಿ ಸ್ವರಗಳು ಬಲವಾದ ಧ್ವನಿಗಳು, ವ್ಯಂಜನಗಳಲ್ಲಿ ಬಹಳಷ್ಟು ಕ್ಷೀಣವಾದವು. ಆದರೆ ಒಂದು ಪದವನ್ನು ಮತ್ತೊಂದರಿಂದ ಬೇರ್ಪಡಿಸುವುದು ಹೆಚ್ಚಾಗಿ ಈ ಕ್ಷೀಣವಾದ ವ್ಯಂಜನಗಳೇ. ಇದನ್ನು ಅರಿಯದ ಮೇಲಧಿಕಾರಿಗೆ ಸಹಾಯ ಮಾಡುವ ಮನಸ್ಸಿದ್ದರೂ ದಾರಿ ತೋಚದು.

ಸರಕಾರಿ ಧಾನ್ಯದ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳಬಹುದು. ಅವರು ಎರಡು ಕಿವಿಗಳಿಗೂ ಶ್ರವಣಯಂತ್ರ ಧರಿಸುತ್ತಾರೆ. ಒಂದು ದಿನ ದೂರವಾಣಿಯಲ್ಲಿ ಬಂದ 'ಎಂಬತ್ತು ಚೀಲ' ಎಂಬ ಬೇಡಿಕೆ ಅವರಿಗೆ 'ಎಪ್ಪತ್ತು ಚೀಲ' ಎಂದು ಕೇಳಿಸಿತು. ಹತ್ತು ಚೀಲ ಅಕ್ಕಿ ಕಡಿಮೆಯಾಗಿಯೇ ಲಾರಿ ಹೊರಟಿತು. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಲ್ಲಿ ಕೆಲವರು ಬರಿಗೈಯಲ್ಲಿ ಮರಳಿದರು. ಇದನ್ನು ಅಜಾಗರೂಕತೆ ಎನ್ನುವುದು ಸುಲಭ. ಆದರೆ ಈ ಎರಡು ಪದಗಳನ್ನು ಉಚ್ಚರಿಸಿ ನೋಡಿದರೆ, ಅವುಗಳ ಭೇದವೆಲ್ಲ ನಡುವಿನ ಒಂದೇ ಎಡೆಯಲ್ಲಿದೆಯೆಂದು ತಿಳಿಯುತ್ತದೆ. ಅಲ್ಲಿ ಎರಡರಲ್ಲಿಯೂ ತುಟಿಗಳು ಮುಚ್ಚುತ್ತವೆ. 'ಬರ', 'ಮರ', 'ಪರ' ಎಂಬ ಪದಗಳೂ ಹೀಗೆಯೇ. ತುಟಿಯನ್ನು ಮಾತ್ರ ನೋಡುವವನಿಗೆ ಮೂರೂ ಒಂದೇ. ಇನ್ನು ಸಾಮಾನ್ಯ ದೂರವಾಣಿಯು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳನ್ನಷ್ಟೇ ಸಾಗಿಸುವಂತೆ ರಚಿತವಾಗಿದೆ; ಅಲ್ಲಿ ಮುಖವೂ ಕಾಣದು.

ಅವರು ಮೊದಲು ಬರೆದ ಪತ್ರ ಒಂದೇ ಸಾಲಿನದು: 'ನನಗೆ ಕಿವಿ ಸರಿಯಾಗಿ ಕೇಳಿಸದು, ದಯವಿಟ್ಟು ಸಹಕರಿಸಬೇಕು.' ಫಲವಾಗಿ ಕಚೇರಿಯವರೆಲ್ಲ ಅವರೊಡನೆ ಕೂಗಿ ಮಾತನಾಡತೊಡಗಿದರು. ಕೂಗಿದಾಗ ತುಟಿಗಳ ಸಹಜ ಚಲನೆ ಕೆಡುತ್ತದೆ, ಸ್ವರಗಳೇ ಮತ್ತಷ್ಟು ಅಬ್ಬರಿಸುತ್ತವೆ. ಎರಡನೆಯ ಪತ್ರವನ್ನು ಅವರು ಬೇರೆ ರೀತಿಯಲ್ಲಿ ಬರೆದರು:

'ಮಾನ್ಯರೇ,

ನನ್ನ ಎರಡು ಕಿವಿಗಳಲ್ಲಿಯೂ ಶ್ರವಣಶಕ್ತಿ ಕುಂದಿದೆ; ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ಎದುರಿಗೆ ಕುಳಿತವರು ಸಾಧಾರಣ ಧ್ವನಿಯಲ್ಲಿ ಮಾತನಾಡಿದರೆ ನನಗೆ ಅರ್ಥವಾಗುತ್ತದೆ. ಸಭೆಯಲ್ಲಿ ಹಾಗೂ ದೂರವಾಣಿಯಲ್ಲಿ ಮಾತ್ರ ತೊಡಕಾಗುತ್ತಿದೆ.

ಸೋಮವಾರದ ಸಭೆಯಲ್ಲಿ ಕಿಟಕಿಗೆ ಬೆನ್ನು ಮಾಡಿ, ಫ್ಯಾನಿನಿಂದ ದೂರದಲ್ಲಿ ಮೇಜಿನ ನಡುಭಾಗದ ಕುರ್ಚಿಯನ್ನು ನನಗೆ ಕೊಡಬೇಕು. ಮಾತನಾಡುವವರು ಮೊದಲು ಕೈಯೆತ್ತಿ, ಒಬ್ಬರ ಬಳಿಕ ಒಬ್ಬರು ಮಾತನಾಡಲಿ. ಸಭೆಯ ತೀರ್ಮಾನಗಳ ಬರಹದ ಪ್ರತಿ ಅಂದೇ ನನಗೆ ಸಿಗಲಿ.

ದೂರವಾಣಿಯಲ್ಲಿ ಬರುವ ಅಂಕಿಗಳನ್ನು ಬಿಡಿಬಿಡಿಯಾಗಿ ನಾನೇ ಮರಳಿ ಹೇಳುತ್ತೇನೆ. ಅದೇ ಬೇಡಿಕೆ ಬರಹದಲ್ಲಿಯೂ ಬಂದ ಮೇಲಷ್ಟೇ ಲಾರಿ ತುಂಬಲು ಅಪ್ಪಣೆಯಾಗಬೇಕು. ಒಂದು ತಿಂಗಳು ಹೀಗೆ ನಡೆಸಿ, ಅನಂತರ ತಾವು ಪರಿಶೀಲಿಸಬಹುದು.

ತಮ್ಮ ವಿಶ್ವಾಸಿ'

ಈ ಪತ್ರದಲ್ಲಿ ದೂರಿಲ್ಲ, ಗೋಳಾಟವೂ ಇಲ್ಲ. ಮೇಲಧಿಕಾರಿ ನಾಳೆಯೇ ಮಾಡಬಲ್ಲ ಕೆಲಸಗಳಿವೆ, ಪ್ರತಿಯೊಂದಕ್ಕೂ ಕಾರಣವಿದೆ. ಕಿಟಕಿ ಬೆನ್ನಿಗಿದ್ದರೆ ಬೆಳಕು ಎದುರಿನವರ ಮುಖದ ಮೇಲೆ ಬೀಳುತ್ತದೆ. ಇಲ್ಲವಾದರೆ ಅವರ ಮುಖಗಳು ಕಪ್ಪು ನೆರಳುಗಳಂತೆ ಕಾಣುತ್ತವೆ. ಶ್ರವಣಯಂತ್ರವು ಮಾತಿನೊಡನೆ ಫ್ಯಾನಿನ ಸದ್ದನ್ನೂ ಹಿಗ್ಗಿಸುತ್ತದೆ. ಕೈಯೆತ್ತುವುದು ಮರ್ಯಾದೆಗಾಗಿ ಅಲ್ಲ: ಮಾತನಾಡುವವರು ಯಾರೆಂದು ಕಣ್ಣು ಹುಡುಕುವಷ್ಟರಲ್ಲಿ ಅರ್ಧ ವಾಕ್ಯ ಮುಗಿದಿರುತ್ತದೆ. ಬರಹದ ಪ್ರತಿ ಏಕೆ ಬೇಕೆಂಬುದು ಬಹುಮಂದಿಗೆ ಹೊಳೆಯುವುದಿಲ್ಲ. ತುಟಿ ನೋಡುತ್ತಿರುವವನು ಬರೆಯಲೆಂದು ತಲೆ ತಗ್ಗಿಸಿದರೆ ಮುಂದಿನ ಮಾತು ತಪ್ಪಿಹೋಗುತ್ತದೆ.

ಅಂಕಿಗಳ ಉಪಾಯವಂತೂ ಜಾಣತನದ್ದು. 'ಎಷ್ಟು?' ಎಂದು ಮತ್ತೆ ಕೇಳಿದರೆ ಅದೇ ತೊಡಕಿನ ಪದ ಮತ್ತೆ ಬರುತ್ತದೆ. 'ಏಳು, ಸೊನ್ನೆ ತಾನೆ?' ಎಂದರೆ ಅತ್ತಲಿನವರು 'ಅಲ್ಲ, ಎಂಟು, ಸೊನ್ನೆ' ಎಂದು ತಿದ್ದುತ್ತಾರೆ. ಏಳಿನ ದೀರ್ಘಸ್ವರವೂ ಎಂಟಿನ ಹ್ರಸ್ವಸ್ವರವೂ ಮಂದವಾದ ಕಿವಿಗೂ ಬೇರೆಬೇರೆಯಾಗಿ ತಿಳಿಯುವ ಸಂಭವ ಹೆಚ್ಚು. ಹಾಗಿದ್ದರೂ ತಪ್ಪು ನುಸುಳಬಹುದು. ಆದುದರಿಂದಲೇ ಬರಹದ ಬೇಡಿಕೆ.

ಇಂತಹ ಪತ್ರ ಬರೆಯಲು ಹಲವರು ಅಂಜುತ್ತಾರೆ; ಕೊರತೆಯನ್ನು ಒಪ್ಪಿಕೊಂಡರೆ ಕೆಲಸವೇ ಹೋದೀತೆಂಬ ಭಯ ಅವರದು. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಎರಡು ಕಿವಿಗಳಲ್ಲಿಯೂ ಮಾತಿನ ಕಂಪನಗಳಲ್ಲಿ 60ರಿಂದ 70 ಡೆಸಿಬೆಲ್ ಶ್ರವಣನಷ್ಟವಿರುವವರನ್ನು ಮಂದಶ್ರವಣದವರೆಂದು ಗುರುತಿಸುತ್ತದೆ. ಅಂಗವಿಕಲರಾದ ನೌಕರರಿಗೆ ಅಗತ್ಯವಾದ, ಮಿತಿಮೀರಿದ ಹೊರೆಯಾಗದ ಮಾರ್ಪಾಟುಗಳನ್ನು ಸರಕಾರಿ ಕಚೇರಿಗಳು ಒದಗಿಸಬೇಕು. ಸೇವೆಯಲ್ಲಿರುವಾಗ ಅಂಗವಿಕಲತೆ ಉಂಟಾಯಿತೆಂದು ನೌಕರನನ್ನು ತೆಗೆದುಹಾಕುವಂತಿಲ್ಲ, ಕೆಳದರ್ಜೆಗೆ ಇಳಿಸುವಂತೆಯೂ ಇಲ್ಲ. ಗುಮಾಸ್ತರು ಪತ್ರದಲ್ಲಿ ಕಾಯಿದೆಯನ್ನು ಹೆಸರಿಸಲಿಲ್ಲ. ಕುರ್ಚಿಯೊಂದನ್ನು ಬದಲಿಸಲು ಅದರ ಅಗತ್ಯ ಬೀಳದು. ಮೇಲಧಿಕಾರಿ ನಿರಾಕರಿಸಿದರೆ ಮುಂದಿನ ಪತ್ರದಲ್ಲಿ ಅದನ್ನು ಸೇರಿಸಬಹುದು. ತಿಂಗಳ ಕೊನೆಗೆ ಬೇಡಿಕೆಯ ಪುಸ್ತಕವನ್ನೂ ಲಾರಿಗಳ ರವಾನೆಯ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏರ್ಪಾಡು ಫಲಿಸಿತೇ ಇಲ್ಲವೇ ಎಂಬುದು ಇಬ್ಬರಿಗೂ ತಿಳಿಯುತ್ತದೆ.